ತಾವು ಎಲ್ಲಿಗೆ ಹಾಕಿದರೂ ಸರಿ

ಐದನೇ ತರಗತಿಯ ಮಕ್ಕಳಿಗೆ ರಜಾ ಅರ್ಜಿ ಬರೆಯುವುದನ್ನು ಕಲಿಸುತ್ತಿದ್ದವಳು ನಾನು. ನನ್ನದೇ ಅರ್ಜಿ ಬರೆಯುವ ಹೊತ್ತು ಬಂದಾಗ ಆ ಮಕ್ಕಳಿಗಿಂತ ಕಡೆಯಾಗಿ ಬರೆದೆ. ಈ ಮಾತನ್ನು ಈಗ ನಗುತ್ತಾ ಹೇಳುತ್ತೇನೆ. ಎಂಬತ್ತರ ದಶಕದ ಆರಂಭದ ಆ ವರ್ಷ ನಗು ಬರುವಂತಿರಲಿಲ್ಲ.

ಆಗ ನಾನು ಗುಡೇಕೋಟೆಯಿಂದಾಚೆ ಒಂದು ಹಳ್ಳಿಯ ಶಾಲೆಯಲ್ಲಿ ಸಹಶಿಕ್ಷಕಿ. ಮನೆ ಕೊಟ್ಟೂರಿನಲ್ಲಿ. ಗಂಡ ಅಲ್ಲಿನ ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರು. ಹಳ್ಳಿಯಲ್ಲಿ ನನಗೊಂದು ಬಾಡಿಗೆ ಕೋಣೆಯಿತ್ತು. ಮಗಳನ್ನು ಅಲ್ಲಿಗೆ ಕರೆದೊಯ್ದರೆ ಶಾಲೆಯ ಹೊತ್ತಿನಲ್ಲಿ ನೋಡಿಕೊಳ್ಳುವವರಿಲ್ಲ. ಹಾಗಾಗಿ ಅವಳು ಅತ್ತೆಯ ಹತ್ತಿರ ಬೆಳೆಯುತ್ತಿದ್ದಳು. ಶನಿವಾರ ಬೆಳಗಿನ ಶಾಲೆ ಮುಗಿಸಿ ಕೂಡ್ಲಿಗಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಸಂಜೆಗೆ ಮನೆ ಸೇರುತ್ತಿದ್ದೆ. ಸೋಮವಾರ ಅವಳು ಏಳುವ ಮೊದಲೇ ಹೊರಟುಬಿಡುತ್ತಿದ್ದೆ.

ಮಗಳಿಗೆ ಮೂರು ತುಂಬುತ್ತಿದ್ದಾಗ ಒಂದು ಶನಿವಾರ ಮನೆಗೆ ಬಂದರೆ ಅವಳಿಗೆ ಸುಡುಸುಡು ಜ್ವರ. ಚೀಲವನ್ನು ಬಾಗಿಲಲ್ಲೇ ಬಿಟ್ಟು ಎತ್ತಿಕೊಳ್ಳಲು ಹೋದೆ. ಅವಳು ಅಜ್ಜಿಯ ಸೆರಗು ಹಿಡಿದುಕೊಂಡು ನನ್ನ ಕೈ ತಳ್ಳಿದಳು. ಅತ್ತೆಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಔಷಧದ ಬಾಟಲಿಯ ಗೆರೆಯನ್ನು ಪಕ್ಕದ ಮನೆಯವರಿಂದ ಓದಿಸಿಕೊಂಡು ಹಾಕುತ್ತಿದ್ದರಂತೆ. ಆ ದಿನ ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ. ಇನ್ನೊಂದು ವರ್ಷ ಹೀಗೇ ಹೋದರೆ ಈ ಮಗು ನನ್ನದಾಗಿ ಉಳಿಯುವುದಿಲ್ಲ ಎಂದು ಹೆದರಿಕೆಯಾಯಿತು.

ವರ್ಗಾವಣೆಗೆ ಆರು ತಿಂಗಳ ಹಿಂದೆಯೇ ಒಂದು ಅರ್ಜಿ ಕಳಿಸಿದ್ದೆ. ಹೂಂ ಇಲ್ಲ, ಉಹೂಂ ಇಲ್ಲ. ಈಗ ಕೊಟ್ಟೂರಿನ ಬಾಲಕಿಯರ ಶಾಲೆಯಲ್ಲಿ ಒಬ್ಬ ಶಿಕ್ಷಕಿ ಎರಡು ತಿಂಗಳಲ್ಲಿ ನಿವೃತ್ತರಾಗುತ್ತಾರೆ ಎಂಬ ಸುದ್ದಿ ಸಿಕ್ಕಿತು. ಆ ಜಾಗ ತಪ್ಪಿದರೆ ಮತ್ತೆ ಯಾವಾಗಲೋ. ಭಾನುವಾರ ಕೂತು ಮೂರು ಪುಟದ ಹೊಸ ಅರ್ಜಿ ಬರೆದೆ. ಗಂಡ ಓದಿ, ಹಿಂದಿನ ಓಣಿಯ ನಿವೃತ್ತ ಶಿರಸ್ತೇದಾರರಿಗೆ ತೋರಿಸಿಕೊಂಡು ಬಾ ಎಂದರು. ನನಗೆ ಸಿಟ್ಟು ಬಂತು. ಕನ್ನಡ ಕಲಿಸುವವಳು ನಾನು, ಕನ್ನಡದ ಕಾಗದವನ್ನು ಇನ್ನೊಬ್ಬರಿಗೆ ತೋರಿಸಬೇಕೇ? ಆದರೂ ಹೋದೆ. ಸಿಟ್ಟಿಗಿಂತ ಹೆದರಿಕೆ ದೊಡ್ಡದಾಗಿತ್ತು.

ಶಿರಸ್ತೇದಾರರು ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಕಚೇರಿಗಳಲ್ಲಿ ಸರ್ವೀಸು ಕಳೆದವರು. ಗಂಡ ಅವರನ್ನು ಕಾಕಾ ಎನ್ನುತ್ತಿದ್ದುದರಿಂದ ನನಗೆ ಮಾವ. ಅವರು ನನ್ನ ಅರ್ಜಿ ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿದರು:

"ಹಿಂದಿನ ಅರ್ಜಿ ಲಕೋಟಿ ಮ್ಯಾಲೆ ಏನು ಬರ್ದಿದ್ದೆವ್ವಾ?"

"ಸಾಹೇಬ್ರ ಹೆಸರು ಬರ್ದಿದ್ದೆ ಮಾವಾ. ಹೆಸರಿನ ಹಿಂದ ಪೂಜ್ಯ ಅಂತನೂ ಹಾಕಿದ್ದೆ."

ಯಾವ ಸಾಹೇಬರು ಎಂದು ಕೇಳಿ ತಿಳಿದುಕೊಂಡು ಅವರು ಹೊಟ್ಟೆ ಕುಣಿಸಿ ನಕ್ಕರು. "ಅವರಿಗೆ ವರ್ಗ ಆಗಿ ಅವಾಗ್ಲೇ ಮೂರು ತಿಂಗಳಾಗಿತ್ತು. ಹೆಸರು ಹಾಕಿದ ಲಕೋಟಿ ಆ ಮನುಷ್ಯಾನ ಹಿಂದ ಹೋಗ್ತೈತಿ. ಈಗ ಯಾವ ಊರಾಗ ಅದಾರೋ, ನಿನ್ನ ಕಾಗದ ಅಲ್ಲೈತಿ. ಕುರ್ಚಿಗೆ ಬರೀಬೇಕವ್ವಾ. ಮನುಷ್ಯ ಬರ್ತಾನ, ಹೋಗ್ತಾನ."

ಆರು ತಿಂಗಳು ಅಂಚೆಯವನನ್ನು ಬೈದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಹೊಸ ಅರ್ಜಿಯ ತಲೆಯ ಮೇಲೆ ಅವರೇ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಎಡಕ್ಕೆ 'ಇಂದ' ಎಂದು ನನ್ನ ಹೆಸರು, ಹುದ್ದೆ, ಶಾಲೆ, ತಾಲ್ಲೂಕು. ಅದರ ಕೆಳಗೆ 'ಇವರಿಗೆ' ಎಂದು ಹುದ್ದೆ ಮಾತ್ರ: ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಬಳ್ಳಾರಿ. ಅದರ ಕೆಳಗೆ 'ಮೂಲಕ' ಎಂದು ನನ್ನ ಮುಖ್ಯೋಪಾಧ್ಯಾಯರು, ಆಮೇಲೆ ಕೂಡ್ಲಿಗಿಯ ಸಹಾಯಕ ಶಿಕ್ಷಣಾಧಿಕಾರಿಗಳು. ನಾನು ನೇರವಾಗಿ ಬಳ್ಳಾರಿಗೆ ಅಂಚೆಗೆ ಹಾಕುವವಳಿದ್ದೆ. "ಹಂಗ ಹೋದ್ರ, 'ಮೂಲಕ ಬಂದಿಲ್ಲ' ಅಂತ ತಿರುಗಿ ಕಳಿಸ್ತಾರ. ಅಷ್ಟೊತ್ತಿಗೆ ನಿನ್ನ ಜಾಗದಾಗ ಇನ್ನೊಬ್ಬಾಕಿ ಪಾಠ ಮಾಡ್ತಿರ್ತಾಳ," ಎಂದರು.

ಸಂಬೋಧನೆಯಲ್ಲಿ ನಾನು 'ಪಿತೃಸಮಾನರೂ ದಯಾಸಾಗರರೂ ಆದ ತಮ್ಮ ಪಾದಕಮಲಗಳಿಗೆ' ಎಂದು ಶುರುಮಾಡಿದ್ದೆ. ಅವರು ಅಷ್ಟನ್ನೂ ಒಂದೇ ಗೆರೆಯಲ್ಲಿ ಹೊಡೆದು 'ಮಾನ್ಯರೇ,' ಎಂದು ಬರೆದರು.

"ಇಷ್ಟ ಸಾಕಾ ಮಾವಾ? ಸೊಕ್ಕು ಅನ್ಕೋಳ್ಳಲ್ಲೇನ್ರಿ?"

"ಮರ್ಯಾದಿ ಅದರಾಗ ಪೂರ್ತಿ ಐತಿ. ನೀನು ಕೆಲಸದಾಕಿ, ಕೆಲಸದ ಕಾಗದ ಬರಿಯಾಕತ್ತೀಯ. ಕಾಲು ಹಿಡಿಯೋದು ಏನೈತಿ ಇದರಾಗ?"

ಆಮೇಲೆ ಒಂದು ಬಿಳಿ ಹಾಳೆ ಕೊಟ್ಟು, "ಈಗ ನೀನು ಬಳ್ಳಾರಿ ಕಚೇರಿ ಗುಮಾಸ್ತಿ ಅಂತ ತಿಳ್ಕೊ," ಎಂದರು. "ಸಾಹೇಬ್ರು ಮೂರು ಪುಟ ಓದಲ್ಲವ್ವಾ. ಗುಮಾಸ್ತ ಓದಿ ಫೈಲಿನಾಗ ಎರಡು ಸಾಲು ಟಿಪ್ಪಣಿ ಇಡ್ತಾನ. ಸಾಹೇಬ್ರು ಅದಕ್ಕ ಸಹಿ ಹಾಕ್ತಾರ. ನಿನ್ನ ಅರ್ಜಿ ಓದಿ ಆ ಎರಡು ಸಾಲು ನೀನ ಬರಿ, ನೋಡೋಣು."

ಸುಲಭ ಎಂದುಕೊಂಡು ಪೆನ್ನು ಹಿಡಿದೆ. ಮೊದಲ ಪುಟದಲ್ಲಿ ಅತ್ತೆಯ ಕಣ್ಣು, ಎರಡನೆಯದರಲ್ಲಿ ಮಗಳ ಜ್ವರ, ಬಸ್ಸಿನ ಕಷ್ಟ, ಮೂರನೆಯದರಲ್ಲಿ 'ತಾವು ದಯಮಾಡಿ ಈ ಬಡವಳ ಕಡೆಗೆ ನೋಡಬೇಕು'. ಕೊಟ್ಟೂರಿನ ಬಾಲಕಿಯರ ಶಾಲೆಯ ಹೆಸರನ್ನು ನಾನು ಎಲ್ಲೂ ಬರೆದೇ ಇರಲಿಲ್ಲ. 'ವರ್ಗಾವಣೆ' ಎಂಬ ಪದವೇ ಇರಲಿಲ್ಲ! ಕೇಳುವುದಕ್ಕೆ ಸಂಕೋಚವಾಗಿ ಕಷ್ಟವನ್ನಷ್ಟೇ ಹೇಳಿ, ಉಳಿದದ್ದನ್ನು ಅವರೇ ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದೆ. ಕೊನೆಗೆ ಆ ಬಿಳಿ ಹಾಳೆಯ ಮೇಲೆ ಬರೆಯಲು ಸಾಧ್ಯವಾದದ್ದು ಒಂದೇ ಸಾಲು: 'ಅರ್ಜಿದಾರರಿಗೆ ತೊಂದರೆ ಇದೆ.'

ಶಿರಸ್ತೇದಾರರು ಈ ಸಲ ನಗಲಿಲ್ಲ. "ಇದನ್ನ ಓದಿ ಸಾಹೇಬ್ರು ಏನು ಮಾಡ್ಬೇಕು ಹೇಳು," ಎಂದು ಮೆತ್ತಗೆ ಕೇಳಿದರು.

ಇಬ್ಬರೂ ಕೂತು ಅರ್ಧ ಪುಟಕ್ಕೆ ಇಳಿಸಿದೆವು. 'ವಿಷಯ' ಎಂಬಲ್ಲಿ ಈಗಿನ ಶಾಲೆಯಿಂದ ಕೊಟ್ಟೂರಿನ ಬಾಲಕಿಯರ ಶಾಲೆಗೆ ವರ್ಗಾವಣೆ ಕೋರಿ ಎಂದು ನೇರವಾಗಿ. ಮೊದಲ ಪ್ಯಾರಾದಲ್ಲಿ ನನ್ನ ನಾಲ್ಕು ವರ್ಷದ ಸೇವೆ. ಎರಡನೆಯದರಲ್ಲಿ ಕಾರಣ, ಮೂರೇ ವಾಕ್ಯ. ಮೂರನೆಯದರಲ್ಲಿ, ನಿವೃತ್ತಿಯಿಂದ ತೆರವಾಗುವ ಆ ಹುದ್ದೆಗೆ ನನ್ನನ್ನು ವರ್ಗಾಯಿಸಬೇಕೆಂದು ಕೋರುತ್ತೇನೆ ಎಂಬ ಒಂದೇ ವಾಕ್ಯ. ವೈದ್ಯರ ಚೀಟಿಯ ನಕಲು ಲಗತ್ತು. ಕೊನೆಗೆ ವಂದನೆ, 'ತಮ್ಮ ವಿಶ್ವಾಸಿ', ಸಹಿ. ನನ್ನ ಮೂರು ಪುಟದ ಅರ್ಜಿಯ ಕಡೆಯ ಸಾಲು 'ತಾವು ಎಲ್ಲಿಗೆ ಹಾಕಿದರೂ ಸರಿ, ಶಿರಸಾವಹಿಸಿ ಹೋಗುತ್ತೇನೆ' ಎಂದಿತ್ತು. ಅದನ್ನು ಉಳಿಸಿಕೊಳ್ಳುತ್ತೇನೆ ಎಂದೆ.

"ಇದು ಬ್ಯಾಡ," ಎಂದರು. "ಒಂದು ಕೇಳಿದ ಮ್ಯಾಲೆ ಕೇಳಿಲ್ಲ ಅಂತ ಬರೀಬಾರ್ದು."

ತಲೆಯಾಡಿಸಿ ಮನೆಗೆ ಬಂದೆ. ಶುದ್ಧಪ್ರತಿ ಬರೆದು ಅತ್ತೆಗೆ ಓದಿ ಹೇಳಿದೆ. ಅವರಿಗೆ ಸರಿಬರಲಿಲ್ಲ. "ದೊಡ್ಡೋರ ಮುಂದ ನಿಂತು ಇಂಥದ್ದ ಕೊಡ್ರಿ ಅಂತ ಕೈ ಮಾಡಿ ತೋರಿಸ್ತಾರೇನವ್ವಾ?" ಎಂದರು. ಅವರ ಬಾಯಿಂದ ಬಂದದ್ದು ನನ್ನ ಮನಸ್ಸಿನಲ್ಲಿದ್ದ ಅಳುಕೇ. ನಾವು ಬೆಳೆದದ್ದೇ ಹಾಗೆ. ನೆಂಟರ ಮನೆಯಲ್ಲಿ ಊಟಕ್ಕೆ ಕೂತರೂ ಬೇಕಾದದ್ದನ್ನು ಬೇಕು ಎಂದವರಲ್ಲ. ಸಹಿಯ ಮೇಲೆ ಒಂದಿಷ್ಟು ಜಾಗ ಉಳಿದಿತ್ತು. ಶಿರಸ್ತೇದಾರರಿಗೆ ಗೊತ್ತಾಗುವುದಾದರೂ ಹೇಗೆ ಎಂದುಕೊಂಡು, ಬಿಟ್ಟ ಸಾಲನ್ನು ಅಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿಬಿಟ್ಟೆ.

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅರ್ಜಿಯನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟೆ. ಒಳ್ಳೆಯ ಮನುಷ್ಯ. ಕನ್ನಡಕ ಏರಿಸಿಕೊಂಡು ಓದಿ, "ಪಾಪ, ಖಂಡಿತ ಶಿಫಾರಸು ಮಾಡ್ತೀನ್ರಿ ಟೀಚರ್," ಎಂದು ಆಗಲೇ ಮೇಲಿನವರಿಗೆ ಕಳಿಸುವ ಪತ್ರದ ಕರಡು ಬರೆಯತೊಡಗಿದರು. ಬರೆಯುತ್ತಾ ಗಟ್ಟಿಯಾಗಿ ಹೇಳಿಕೊಳ್ಳುವುದು ಅವರ ಅಭ್ಯಾಸ. "ಸದರಿ ಶಿಕ್ಷಕಿಯವರು ಕೊಟ್ಟೂರಿಗೆ, ಅಥವಾ ಜಿಲ್ಲೆಯ ಯಾವುದೇ ಶಾಲೆಗೆ, ವರ್ಗಾವಣೆಗೊಳ್ಳಲು ಒಪ್ಪಿ..."

ನಾನು ನಡುವೆ ಬಾಯಿ ಹಾಕಿದೆ. "ಸಾರ್, ಯಾವುದೇ ಶಾಲಿಗೆ ಅಂತ ನಾನೆಲ್ಲಿ ಒಪ್ಪೀನ್ರಿ?"

"ಇಲ್ಲೇ ಬರ್ದೀರಲ್ರಿ, ಎಲ್ಲಿಗೆ ಹಾಕಿದ್ರೂ ಸರಿ ಅಂತ." ಅವರು ಆ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು. "ಒಳ್ಳೇದಾತು ಬಿಡ್ರಿ. ಹಡಗಲಿ ಕಡೆ ಹೊಳಿ ದಂಡಿ ಹಳ್ಳಿಗಳಿಗೆ ಯಾರೂ ಹೋಗವಲ್ರಂತ. ನೀವು ಒಪ್ಪೀರಿ ಅಂದ್ರ ಬಳ್ಳಾರಿಯವರು ಖುಷಿಯಾಗಿ ಆರ್ಡರ್ ಹಾಕ್ತಾರ."

ಅವರದೇನೂ ತಪ್ಪಿರಲಿಲ್ಲ. ನನ್ನ ಕಾಗದದಲ್ಲಿ ಇದ್ದದ್ದನ್ನೇ ಎರಡು ಸಾಲಿಗೆ ಇಳಿಸಿದ್ದರು. ಬಳ್ಳಾರಿಯ ಗುಮಾಸ್ತನೂ ಇದನ್ನೇ ಮಾಡುತ್ತಿದ್ದ. ಹೊಳೆಯ ದಂಡೆಯಿಂದ ಕೊಟ್ಟೂರಿಗೆ ವಾರಕ್ಕೊಮ್ಮೆ ಬರುವುದೂ ಕಷ್ಟವಾಗುತ್ತಿತ್ತು. ಮರ್ಯಾದೆ ಎಂದುಕೊಂಡು ನನ್ನ ಮಗಳನ್ನು ನಾನೇ ಸಹಿ ಹಾಕಿ ಬಿಟ್ಟುಕೊಡುವವಳಿದ್ದೆ. ಅರ್ಜಿಯನ್ನು ಅವರ ಕೈಯಿಂದ ಕಸಿದುಕೊಂಡೆ ಎಂದರೂ ಸರಿಯೇ. "ಸಾರ್, ಮಧ್ಯಾಹ್ನ ಬೇರೆ ಬರ್ದು ಕೊಡ್ತೀನ್ರಿ," ಎಂದೆ. ಅವರು ಬಾಯಿ ತೆರೆದು ನೋಡಿದರು. ಪಾಪ, ಕರಡು ಚೆನ್ನಾಗಿಯೇ ಬಂದಿತ್ತು.

ಊಟದ ಬಿಡುವಿನಲ್ಲಿ ಬುತ್ತಿ ಬಿಚ್ಚದೆ ಮತ್ತೊಂದು ಪ್ರತಿ ಬರೆದೆ. ಕೋರಿಕೆ, ವಂದನೆ, ಸಹಿ. ಸಹಿಯ ಮೇಲೆ ಜಾಗವನ್ನೇ ಉಳಿಸಲಿಲ್ಲ. ಮುಖ್ಯೋಪಾಧ್ಯಾಯರು 'ಶಿಫಾರಸಿನೊಂದಿಗೆ ಸಲ್ಲಿಸಿದೆ' ಎಂದು ಮೊಹರು ಒತ್ತಿ, ಮರುದಿನ ತಾವೇ ಕೂಡ್ಲಿಗಿಗೆ ಹೋಗುವವರಿದ್ದುದರಿಂದ ತಮ್ಮ ಚೀಲದಲ್ಲಿಟ್ಟುಕೊಂಡರು. ಆವತ್ತು ಸಂಜೆ ನನಗೆ ಹೊಟ್ಟೆ ತುಂಬ ಊಟ ಸೇರಿತು. ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು, ಕೇಳುವುದನ್ನಂತೂ ಕೇಳಿದ್ದೆ.

ಎರಡೂವರೆ ತಿಂಗಳಿಗೆ ಆದೇಶ ಬಂತು. ಕೋರಿಕೆಯ ಮೇರೆಗೆ ಆದ ವರ್ಗಾವಣೆ, ಆದ್ದರಿಂದ ಪ್ರಯಾಣ ಭತ್ಯೆ ಸಿಗುವುದಿಲ್ಲ ಎಂದು ಕೆಳಗೆ ಟೈಪು ಮಾಡಿದ್ದರು. ಮೇಲೆ ಕೊಟ್ಟೂರಿನ ಆ ಶಾಲೆಯ ಹೆಸರು, ನಾನು ಬರೆದ ಹಾಗೆಯೇ, ಒಂದಕ್ಷರ ಆಚೀಚೆ ಇಲ್ಲ. ನಾಲ್ಕು ಸಲ ಓದಿದೆ. ಹಗುರಾಗುವುದು ಎಂದರೇನೆಂದು ನನಗೆ ಅವತ್ತು ಗೊತ್ತಾಯಿತು. ತರಗತಿಯಲ್ಲಿ ಮಕ್ಕಳಿಗೆ ಲೆಕ್ಕ ಕೊಟ್ಟು, ಕಿಟಕಿಯ ಕಡೆ ತಿರುಗಿ ನಿಂತು ಕಣ್ಣು ಒರೆಸಿಕೊಂಡೆ.

ಹಳ್ಳಿಯ ಶಾಲೆಯಿಂದ ಬಿಡುಗಡೆಯಾದ ದಿನವೇ ಟ್ರಂಕು, ಹಾಸಿಗೆ ಸುರುಳಿ ಕಟ್ಟಿಕೊಂಡು ಹೊರಟೆ. ಕೊಟ್ಟೂರು ಸೇರುವಾಗ ಇನ್ನೂ ಬಿಸಿಲಿತ್ತು. ಮಗಳು ಕಟ್ಟೆಯ ಮೇಲೆ ಕೂತು ಕಡಲೆ ತಿನ್ನುತ್ತಿದ್ದಳು. ನನ್ನನ್ನು ನೋಡಿದಳು, ಟ್ರಂಕನ್ನು ನೋಡಿದಳು.

"ಇವತ್ತು ಶನಿವಾರೇನು?" ಎಂದಳು.

"ಅಲ್ಲವ್ವಾ. ಬುಧವಾರ."

"ಮತ್ಯಾಕ ಬಂದಿ?"

"ಇರಾಕ ಬಂದೀನಿ," ಎಂದೆ.

ಅವಳು ಕಟ್ಟೆಯ ಮೇಲೆ ಒಂದಿಷ್ಟು ಸರಿದು ನನಗೆ ಜಾಗ ಮಾಡಿಕೊಟ್ಟಳು.