ಅಧ್ಯಕ್ಷರ ಸೆರಗಿನ ನೆರಿಗೆ

ಕುದೂರಿನ ಬಸ್ ನಿಲ್ದಾಣದ ಎದುರು ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವ ಶಶಿಕಿರಣ್‌ಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಅವನಿಗಿರುವುದು ಒಂದೇ ಚಟ. ಯಾರದೇ ಬಟ್ಟೆ ಸೊಟ್ಟಗಿದ್ದರೂ ಅವನ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರ್ ಮಡಚಿಕೊಂಡಿದ್ದರೆ ಮಾಗಡಿ ಬರುವಷ್ಟರಲ್ಲಿ ಅದು ನೆಟ್ಟಗಾಗಿರುತ್ತದೆ. ಒಮ್ಮೆ ಮದುವೆಯೊಂದರಲ್ಲಿ ಧಾರೆಯ ಹೊತ್ತಿಗೆ ಮಂಟಪ ಹತ್ತಿ ಮದುಮಗನ ಶಲ್ಯ ಸರಿಮಾಡಲು ನಿಂತುಬಿಟ್ಟ. ಚೊಂಬು ಎತ್ತಿ ಹಿಡಿದಿದ್ದ ಸೋದರಮಾವ ಹಾಗೇ ಕಾಯುತ್ತಿದ್ದರು. ಪುರೋಹಿತರು, "ನಿಮ್ದು ಮುಗೀಲಿ ಸ್ವಾಮಿ, ಆಮೇಲೆ ಬೇರೆ ಮುಹೂರ್ತ ನೋಡೋಣ" ಎಂದರು. ಶಶಿಕಿರಣ್ ಅದನ್ನು ಹೊಗಳಿಕೆ ಎಂದುಕೊಂಡ.

ಎದುರಿಗಿರುವವರ ಬಟ್ಟೆಗೆ ಕೈ ಹಾಕಿದರೆ ಬೈಗುಳ ಗ್ಯಾರಂಟಿ. ಕಂಪ್ಯೂಟರಿನ ಪರದೆಯ ಮೇಲೆ ಹಾಗಲ್ಲ. ಅಲ್ಲಿ ಎಷ್ಟು ತಿದ್ದಿದರೂ ಕೇಳುವವರಿಲ್ಲ. ಹಾಗಾಗಿ ಅವನು ದಿನದ ಬಹುಪಾಲನ್ನು ಪರದೆಯ ಮುಂದೆಯೇ ಕಳೆಯುತ್ತಿದ್ದ. ಗಿರಾಕಿಗಳನ್ನು ಮಾತಾಡಿಸುವುದು, ಪಾಸ್‌ಪೋರ್ಟ್ ಫೋಟೊ ಕತ್ತರಿಸುವುದು, ಲ್ಯಾಮಿನೇಷನ್ ಹಾಕುವುದು ಎಲ್ಲ ಅವನ ಹೆಂಡತಿ ಸರ್ವಮಂಗಳಳ ಪಾಲಿಗೆ. "ನಮ್ಮನೆಯವ್ರಿಗೆ ಕೆಲ್ಸ ಶುರು ಮಾಡೋದು ಗೊತ್ತು, ಬಿಡೋದು ಗೊತ್ತಿಲ್ಲ" ಎನ್ನುವುದು ಅವಳು ಗಂಡನ ಬಗ್ಗೆ ಹೇಳುತ್ತಿದ್ದ ಒಂದೇ ಮಾತು. ಅದು ಎಷ್ಟು ನಿಜ ಎನ್ನುವುದು ತೊರೆಪಾಳ್ಯದ ಹಾಲಿನ ಸೊಸೈಟಿಯ ಫೋಟೊ ಬಂದಾಗ ಗೊತ್ತಾಯಿತು.

ಒಂದು ದಿನ ಅಂಗಡಿಗೆ ಫೋನು ಬಂತು. "ನಾನು ತೊರೆಪಾಳ್ಯದ ಹಾಲಿನ ಸೊಸೈಟಿ ಅಧ್ಯಕ್ಷರು ಮಾತಾಡ್ತಿರೋದು" ಎಂದಿತು ಗಂಡಸಿನ ದನಿ. ಸರ್ವಮಂಗಳ, "ಅಲ್ಲಿ ಶಿವಲಿಂಗಮ್ಮನೋರಲ್ವಾ ಅಧ್ಯಕ್ಷರು?" ಎಂದಳು. "ಅದೇ ಕಣಮ್ಮ, ನಾನೇ. ಅವ್ಳ ಯಜಮಾನ ಮರಿಯಪ್ಪ" ಎಂದಿತು ದನಿ.

ಆ ಸಲ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಬಂದಿತ್ತು. ಮರಿಯಪ್ಪ ಹೆಂಡತಿಯನ್ನು ಅಧ್ಯಕ್ಷೆ ಮಾಡಿಸಿ, ಅಧ್ಯಕ್ಷಗಿರಿಯನ್ನು ತಾನೇ ನಡೆಸುತ್ತಿದ್ದ. ಸಭೆಗೆ ಹೋಗುತ್ತಿದ್ದವನು ಅವನು, ಶಾಲು ಹೊದಿಸಿಕೊಳ್ಳುತ್ತಿದ್ದವನೂ ಅವನು. ಹಾಲು ಕರೆದು ಡೈರಿಗೆ ಹೊತ್ತು ತರುವುದನ್ನು ಮಾತ್ರ ಶಿವಲಿಂಗಮ್ಮನಿಗೆ ಬಿಟ್ಟಿದ್ದ. ಈಗ ಸೊಸೈಟಿಗೆ ಹೊಸ ಕಟ್ಟಡವಾಗಿತ್ತು. ಹಳೆಯ ಅಧ್ಯಕ್ಷರ ಸಾಲಿನಲ್ಲಿ ಗೋಡೆಗೆ ಹಾಕಲು ಶಿವಲಿಂಗಮ್ಮನ ದೊಡ್ಡ ಫೋಟೊ ಬೇಕಾಗಿತ್ತು. ಇದೊಂದು ಕೆಲಸವನ್ನು ಅವಳ ಬದಲು ಮಾಡಲು ಮರಿಯಪ್ಪನಿಗೆ ಸಾಧ್ಯವಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಬಂದರು. ಶಿವಲಿಂಗಮ್ಮ ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟು ಸ್ಟೂಲಿನ ಮೇಲೆ ಕೂತಳು. ಮರಿಯಪ್ಪ ಕ್ಯಾಮೆರಾದ ಪಕ್ಕದಲ್ಲಿ ನಿಂತು, "ಒಸಿ ಗತ್ತಾಗಿ ಕೂತ್ಕೊ. ಅಧ್ಯಕ್ಷರು ಅಂದ್ರೆ ಅಂಗೆ ಹಸ ನೋಡ್ದಂಗೆ ನೋಡ್ಬಾರ್ದು" ಎನ್ನುತ್ತಿದ್ದ. ಆಕೆ ಗತ್ತಾಗಿ ಕೂತಷ್ಟೂ ಫೋಟೊ ಆಧಾರ್ ಕಾರ್ಡಿನ ಫೋಟೊದಂತೆ ಬರುತ್ತಿತ್ತು. ನಾಲ್ಕಾರು ತೆಗೆದ ಮೇಲೆ ಮರಿಯಪ್ಪನಿಗೆ ಸೆರಗಿನ ಜರಿ ಕಾಣುತ್ತಿಲ್ಲ ಎನ್ನಿಸಿತು. ಹೋಗಿ ಹೆಗಲ ಮೇಲಿನ ಸೆರಗನ್ನು ಹಿಡಿದೆಳೆದ. ಪಿನ್ನು ಕಿತ್ತುಬಂತು. ನೆರಿಗೆಯೊಂದು ಜಾರಿ ತೋಳಿನ ಮೇಲೆ ಜೋತುಬಿತ್ತು.

"ನೀವೇ ಉಟ್ಕಂಡು ಕೂತ್ಕಳಿ, ನಾನು ಎದ್ದೋಯ್ತೀನಿ" ಎಂದು ಶಿವಲಿಂಗಮ್ಮ ನಕ್ಕುಬಿಟ್ಟಳು. ಶಶಿಕಿರಣ್ ಆ ಕ್ಷಣ ಕ್ಯಾಮೆರಾ ಒತ್ತಿದ.

ತೆಗೆದ ಎಲ್ಲದರಲ್ಲೂ ಫೋಟೊ ಎನ್ನಿಸಿಕೊಳ್ಳುವಂಥದ್ದು ಅದೊಂದೇ. ಕಣ್ಣಲ್ಲಿ ಬೆಳಕಿತ್ತು, ಕೆನ್ನೆಯಲ್ಲಿ ನಗುವಿತ್ತು. ತಲೆ ಒಂದು ಚೂರು ವಾಲಿ, ಎದುರಿಗಿರುವವರ ಬಂಡವಾಳವೆಲ್ಲ ಗೊತ್ತಿದ್ದೂ ಸುಮ್ಮನಿರುವವಳಂತೆ ಕಾಣುತ್ತಿದ್ದಳು. ಬಿದ್ದ ನೆರಿಗೆ ಮಾತ್ರ ಕಣ್ಣಿಗೆ ಹೊಡೆಯುತ್ತಿತ್ತು.

"ಇನ್ನೊಂದು ಪಿನ್ನು ಹಾಕಿ ಮತ್ತೆ ತೆಗೀಬೋದಿತ್ತಲ್ವಾ?" ಎಂದಳು ಸರ್ವಮಂಗಳ, ಅವರು ಹೋದ ಮೇಲೆ.

"ಆ ನಗು ಮತ್ತೆ ಬರಲ್ಲ. ನೆರಿಗೆ ಏನು, ಕೂತರೆ ಅರ್ಧ ದಿನದ ಕೆಲಸ" ಎಂದ ಶಶಿಕಿರಣ್. ಅವನ ಮುಖದಲ್ಲಿ ಹಬ್ಬದ ಕಳೆ ಬಂದಿತ್ತು.

ಮೊದಲು ಹಿಂದಿನ ಫೋಟೊದಿಂದ ಹೆಗಲನ್ನೇ ತಂದು ಕೂರಿಸಿ ನೋಡಿದ. ಅದರಲ್ಲಿ ಭುಜ ಸೆಟೆದಿತ್ತು, ಇದರಲ್ಲಿ ನಗುತ್ತಾ ಇಳಿದಿತ್ತು. ಹೊಂದಲಿಲ್ಲ. ಆಮೇಲೆ ಬಿದ್ದ ನೆರಿಗೆಯನ್ನಷ್ಟೇ ಗೆರೆ ಎಳೆದು ಆರಿಸಿ, ಚಿತ್ರದ ಮೇಲೆ ಗಾಜಿನ ಹಾಳೆಯಂತಿರುವ ಬೇರೆ ಪದರಕ್ಕೆ ತೆಗೆದ. ಅದನ್ನು ಮೇಲಕ್ಕೆ ತಿರುಗಿಸಿ, ಪಕ್ಕದ ನೆರಿಗೆಗಳ ಬಾಗಿಗೆ ತಕ್ಕಂತೆ ಸ್ವಲ್ಪಸ್ವಲ್ಪವೇ ಬಗ್ಗಿಸಿದ. ಅದು ಮೊದಲಿದ್ದ ಜಾಗದಲ್ಲಿ ಈಗ ರವಿಕೆಯ ತೋಳು ಕಾಣಬೇಕಲ್ಲ. ತೋಳಿನ ಕೆಳಭಾಗದಿಂದ ಬಟ್ಟೆಯ ನೇಯ್ಗೆಯನ್ನು ನಕಲು ಮಾಡಿ ತುಂಬಿದ. ಇಷ್ಟಾದರೂ ನೆರಿಗೆ ಕಾಗದ ಅಂಟಿಸಿದಂತೆ ಕಾಣುತ್ತಿತ್ತು. ಅದರಡಿಗೆ ಬೆಳಕಿನ ದಿಕ್ಕು ನೋಡಿಕೊಂಡು ತೆಳ್ಳಗೆ ನೆರಳು ಬಳಿದ ಮೇಲೆ ಅದು ಮೈಗೆ ಕೂತಿತು. ಸಂಜೆಯ ಹೊತ್ತಿಗೆ, ಆ ನೆರಿಗೆ ಯಾವತ್ತಾದರೂ ಬಿದ್ದಿತ್ತೆಂದು ಯಾರೂ ಹೇಳುವಂತಿರಲಿಲ್ಲ.

ಅಲ್ಲಿಗೆ ಬಿಡಬೇಕಿತ್ತು. ಅವನು ಅದನ್ನು ಮರಿಯಪ್ಪನ ವಾಟ್ಸಾಪಿಗೆ ಕಳಿಸಿದ. ಮರಿಯಪ್ಪ ತನ್ನ ನೆಂಟರ ಗ್ರೂಪಿಗೆ ಹಾಕಿದ. ಗ್ರೂಪಿನಲ್ಲಿ ಅಲ್ಲಿಯವರೆಗೆ ಗುಡ್ ಮಾರ್ನಿಂಗ್ ಬಿಟ್ಟು ಬೇರೇನೂ ಹೇಳದಿದ್ದವರೆಲ್ಲ ಎರಡು ಬೆರಳಲ್ಲಿ ಫೋಟೊ ಹಿಗ್ಗಿಸಿ ನೋಡತೊಡಗಿದರು.

"ಅಯ್ನೋರೆ, ನೆರಿಗೆ ಸರಿಹೋಗೈತೆ. ಆದ್ರೆ ಅದೊಂದೇ ನೆಟ್ಟಗೈತೆ ಅಂತವ್ರೆ, ಮಿಕ್ಕವು ಸೊಟ್ಟ ಕಾಣ್ತವಂತೆ" ಎಂದ ಮರಿಯಪ್ಪ ಮರುದಿನ.

ಶಶಿಕಿರಣ್‌ಗೂ ಅದೇ ಅನುಮಾನವಿತ್ತು. ಎಲ್ಲ ನೆರಿಗೆಗಳನ್ನೂ ಒಂದೇ ಅಗಲಕ್ಕೆ ತಂದ. ಈಗ ಜರಿಯ ಅಂಚು ಒಂದಕ್ಕೊಂದು ಸೇರಲಿಲ್ಲ. ಅಂಚನ್ನು ಹೊಸದಾಗಿ ಕಟ್ಟಿದ. ಒಂದೇ ಮಾವಿನಕಾಯಿ ಬುಟ್ಟಾ ಸಾಲಾಗಿ ಬಂದು, ಸೀರೆ ಗೋಡೆಗೆ ಅಂಟಿಸುವ ಕಾಗದದಂತಾಯಿತು. ನೆರಿಗೆಗಳ ಪಕ್ಕ ಸರ ವಾಲಿದಂತೆ ಕಂಡಿತು, ಅದನ್ನು ನೆಟ್ಟಗೆ ಮಾಡಿದ. ಸರದ ಮೇಲೆ ಕತ್ತು ವಾಲಿದಂತೆ ಕಂಡಿತು, ಕತ್ತನ್ನೂ ನೆಟ್ಟಗೆ ಮಾಡಿದ.

"ಹಲ್ಲು ಕಾಣ್ತವೆ ಅಂತಾನೆ ನಮ್ಮ ಭಾಮೈದ" ಎಂದು ಮತ್ತೆ ಫೋನು ಬಂತು. "ಅಧ್ಯಕ್ಷರು ಬಾಯಿ ಮುಚ್ಕಂಡಿದ್ರೆ ಒಳ್ಳೇದು."

"ಅದನ್ನ ಮರಿಯಪ್ಪನೋರು ಮೊದ್ಲೇ ಮಾಡವ್ರೆ" ಎಂದಳು ಸರ್ವಮಂಗಳ, ಗಂಡನಿಗೆ ಮಾತ್ರ ಕೇಳುವಂತೆ. ಅವನಿಗೆ ಕೇಳಿಸಲಿಲ್ಲ. ಅವನು ಹಿಂದಿನ ಫೋಟೊದಿಂದ ಮುಚ್ಚಿದ ಬಾಯಿ ತಂದು ಕೂರಿಸುತ್ತಿದ್ದ.

ಕೊನೆಗೆ ಮರಿಯಪ್ಪ ಒಡವೆ ಅಂಗಡಿಯ ಕ್ಯಾಲೆಂಡರ್ ಒಂದನ್ನು ಸುತ್ತಿ ಹಿಡಿದು ಅಂಗಡಿಗೇ ಬಂದ. "ಇಂಗೆ ಕೂತ್ರೆ ಗತ್ತು ನೋಡಿ" ಎಂದು ಅದರೊಳಗಿನ ಹುಡುಗಿಯ ಹೆಗಲನ್ನು ತೋರಿಸಿದ. ಸ್ಟುಡಿಯೊಗಳಲ್ಲಿ ಕತ್ತಿನಿಂದ ಕೆಳಗೆ ಸಿದ್ಧವಾಗಿರುವ ಸೀರೆಯ ಮೈಗಳು, ಸೂಟಿನ ಮೈಗಳು ಕಂಪ್ಯೂಟರಿನಲ್ಲೇ ಇರುತ್ತವೆ. ತಲೆ ಇಟ್ಟರೆ ಆಯಿತು. ಶಶಿಕಿರಣ್ ಒಂದು ಗಳಿಗೆ ಯೋಚಿಸಿದ. ಆ ಸಿದ್ಧ ಮೈಯ ನೆರಿಗೆಗಳು ಸ್ಕೇಲಿನಲ್ಲಿ ಗೆರೆ ಎಳೆದಂತಿದ್ದವು. ಅವನು ಸೋತುಹೋದ, ಶಿವಲಿಂಗಮ್ಮನ ತಲೆಯನ್ನು ಅದರ ಮೇಲಿಟ್ಟ.

ಕಟ್ಟಡದ ಉದ್ಘಾಟನೆಯ ದಿನ ಶಶಿಕಿರಣ್ ಕ್ಯಾಮೆರಾ ಹಿಡಿದು ತೊರೆಪಾಳ್ಯಕ್ಕೆ ಹೋದ. ದೊಡ್ಡ ಅಧಿಕಾರಿಯೊಬ್ಬರು ಬಂದಿದ್ದರು. ಗೋಡೆಯ ಫೋಟೊದ ಮೇಲಿನ ಪರದೆ ಸರಿಸಿದಾಗ ಚಪ್ಪಾಳೆ ಬಿತ್ತು. ಆಮೇಲೆ ಹೆಂಗಸರ ಕಡೆಯಿಂದ ಗುಸುಗುಸು ಶುರುವಾಯಿತು. ಫೋಟೊದಲ್ಲಿ ಹೆಗಲು ಇಪ್ಪತ್ತೈದರ ಹುಡುಗಿಯದು, ಮುಖ ಐವತ್ತರದು. ಬಾಯಿ ಬಿಗಿದುಕೊಂಡಿತ್ತು, ಕಣ್ಣು ಇನ್ನೂ ನಗುತ್ತಿತ್ತು.

ಅಧಿಕಾರಿ ಫೋಟೊವನ್ನು ನೋಡಿ, ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಶಿವಲಿಂಗಮ್ಮನಿಗೆ, "ಏನಮ್ಮ, ನಿಮ್ಮ ಅಧ್ಯಕ್ಷರು ಬಂದಿಲ್ವಾ?" ಎಂದು ಕೇಳಿದರು.

"ನಾನೇ ಸಾರ್" ಎಂದು ಮರಿಯಪ್ಪ ರೂಢಿಯಂತೆ ಮುಂದೆ ಬಂದ. ಅಧಿಕಾರಿ ಅವನ ಮೀಸೆ ನೋಡಿದರು, ಫೋಟೊದ ಸೆರಗು ನೋಡಿದರು.

"ಅಧ್ಯಕ್ಷೆ ನಾನು ಸಾರ್" ಎಂದಳು ಶಿವಲಿಂಗಮ್ಮ. "ಫೋಟೊದಾಗಿರೋಳು ಯಾರು ಅಂತ ನಮ್ಮೋರ್ನೇ ಕೇಳ್ಬೇಕು. ಕರ್ಕಬಂದೋರು ಅವ್ರು."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಸೊಸೈಟಿಯ ಕಾರ್ಯದರ್ಶಿ ನಾಗರಾಜು ಮೈಕ್ ಹಿಡಿದು, ಈಗ ಉಪಾಹಾರದ ವ್ಯವಸ್ಥೆ ಇದೆ ಎಂದು ಹೇಳಿಬಿಟ್ಟ. ಶಶಿಕಿರಣ್ ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡ. ಸಾಲು ಸಾಲು ಸರಿಯಾದ ನೆರಿಗೆಗಳ ನಡುವೆ ಒಬ್ಬ ಹೆಂಗಸನ್ನು ಕಳೆದುಬಿಟ್ಟೆನಲ್ಲ ಎಂದು ಅವನಿಗೆ ಮೊದಲ ಸಲ ನಾಚಿಕೆಯಾಯಿತು. ಉಪ್ಪಿಟ್ಟು ತಿನ್ನದೆ ಬಂದ.

ಮಾರನೆಯ ದಿನ ಶಿವಲಿಂಗಮ್ಮ ಒಬ್ಬಳೇ ಬಸ್ಸಿನಲ್ಲಿ ಬಂದಳು. ಕಂಕುಳಲ್ಲಿ ಟವೆಲು ಸುತ್ತಿದ ಫ್ರೇಮಿತ್ತು. ಸರ್ವಮಂಗಳ ಕಾಫಿ ತರಿಸಿದಳು.

"ಆವತ್ತು ನಾನು ನಕ್ಕಾಗ ತೆಗುದ್ರಲ್ಲ ಅಯ್ನೋರೆ, ಅದು ಐತಾ?"

ಶಶಿಕಿರಣ್ ಮೂಲ ಫೋಟೊ ತೆಗೆದು ತೋರಿಸಿದ. ಶಿವಲಿಂಗಮ್ಮ ಬಹಳ ಹೊತ್ತು ನೋಡಿದಳು. "ಇವ್ಳು ಗೊತ್ತು ನಂಗೆ" ಎಂದಳು.

"ಹಾಗೇ ಹಾಕಿಬಿಡ್ತೀನಮ್ಮ. ಏನೂ ಮುಟ್ಟಲ್ಲ" ಎಂದ ಅವನು, ಪ್ರಾಯಶ್ಚಿತ್ತದ ದನಿಯಲ್ಲಿ.

"ಯಾಕೆ? ಸೆರಗು ಬಿದ್ದಿರೋದು ನಂಗೂ ಚಂದಾಗಿ ಕಾಣಲ್ಲ. ಅದೇನು ನಾನ್ ಬೀಳ್ಸಿದ್ದಲ್ಲ. ಆ ಒಂದು ನೆರಿಗೆ ಎತ್ಬುಡಿ. ಅಷ್ಟೇಯ."

ಮೊದಲ ದಿನ ತಿದ್ದಿದ್ದ ಫೋಟೊ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಅದನ್ನು ತೆರೆದ. ಶಿವಲಿಂಗಮ್ಮ ಸ್ಟೂಲು ಎಳೆದುಕೊಂಡು ಪರದೆಯ ಹತ್ತಿರ ಕೂತಳು. "ಅಷ್ಟು ಮ್ಯಾಲ್ಕೆ ಬ್ಯಾಡ. ಕ್ಯಾನ್ ಎತ್ತಿ ಎತ್ತಿ ಈ ಹೆಗಲು ಒಸಿ ಕೆಳೀಕೇ ಐತೆ, ಸೆರಗೂ ಅಂಗೇ ಕೂರ್ತದೆ" ಎಂದಳು. ಅವನು ನೆರಿಗೆಯ ಪದರವನ್ನು ಕೂದಲೆಳೆಯಷ್ಟು ಕೆಳಗಿಳಿಸಿ, ನೆರಳನ್ನೂ ಜೊತೆಗೆ ಸರಿಸಿದ. "ಸಾಕು" ಎಂದಳು.

ನೆರಿಗೆಗಳು ಒಂದರಷ್ಟು ಒಂದು ಅಗಲವಿರಲಿಲ್ಲ. ಸರ ಎಡಕ್ಕೆ ವಾಲಿತ್ತು. ಶಶಿಕಿರಣನ ಮೌಸು ತನ್ನಷ್ಟಕ್ಕೆ ತಾನೇ ಸರದ ಕಡೆ ಹೊರಟಿತು.

"ರೀ" ಎಂದಳು ಸರ್ವಮಂಗಳ ಬೆನ್ನ ಹಿಂದಿನಿಂದ.

"ನೋಡ್ತಿದ್ದೆ ಅಷ್ಟೇ."

"ನೋಡಿದ್ದಾಯ್ತಲ್ಲ, ಪ್ರಿಂಟ್ ಕೊಡಿ."

ಅವನು ಕೊಟ್ಟ. ಅಷ್ಟು ಕಷ್ಟದ ಕೆಲಸವನ್ನು ಅವನು ಆ ಕಂಪ್ಯೂಟರಿನ ಮುಂದೆ ಎಂದೂ ಮಾಡಿರಲಿಲ್ಲ. ಹಳೆಯ ಫ್ರೇಮಿನ ಗಾಜು ಬಿಚ್ಚಿ, ಹೊಸ ಫೋಟೊ ಕೂರಿಸಿ, ಟವೆಲು ಸುತ್ತಿಕೊಟ್ಟರು. ಕಂಪ್ಯೂಟರಿನ ಹುಡುಗಿಯ ಆ ಸಿದ್ಧ ಮೈಯನ್ನು ಶಿವಲಿಂಗಮ್ಮ ಅಂಗಡಿಯಲ್ಲೇ ಬಿಟ್ಟು ಹೋದಳು.

ಮರಿಯಪ್ಪ ಫೋನು ಮಾಡಿ, ತನ್ನನ್ನು ಕೇಳದೆ ಹೇಗೆ ಕೊಟ್ಟಿರಿ ಎಂದು ಗಲಾಟೆ ಮಾಡಿದ. "ಅಧ್ಯಕ್ಷರೇ ಬಂದು ತಗೊಂಡೋದ್ರಲ್ಲ" ಎಂದಳು ಸರ್ವಮಂಗಳ.

ಅದಾದ ಮೇಲಿನ ಸಭೆಗೆ ಶಿವಲಿಂಗಮ್ಮ ತಾನೇ ಹೋದಳಂತೆ. ಮರಿಯಪ್ಪನೂ ಹೋಗಿದ್ದನಂತೆ, ಕಾರ್ಯದರ್ಶಿ ಅವನಿಗೆ ಹೊರಗಿನ ಜಗಲಿಯಲ್ಲಿ ಕುರ್ಚಿ ಹಾಕಿಸಿದನಂತೆ. ಇದನ್ನು ಹೇಳಿದವನು ನಾಗರಾಜುವೇ. ಅವನು ಬಂದದ್ದು ಹೊಸ ಸದಸ್ಯರ ಫೋಟೊ ಮಾಡಿಸಲು. ಹೇಳುತ್ತಾ ಹೇಳುತ್ತಾ ಮಧ್ಯದಲ್ಲಿ ನಿಲ್ಲಿಸಿ, "ಏನ್ ಸಾರ್, ಅಂಗ್ ನೋಡ್ತೀರಿ?" ಎಂದ.

"ಏನಿಲ್ಲ" ಎಂದ ಶಶಿಕಿರಣ್. ನಾಗರಾಜುವಿನ ಕಾಲರಿನ ಬಲತುದಿ ಸ್ವೆಟರಿನ ಒಳಗೆ ಸಿಕ್ಕಿಕೊಂಡಿತ್ತು. "ಮುಂದೆ ಹೇಳಿ."