ಟೈಪಿಸ್ಟಮ್ಮ ಬರೆಯದ ಸಾಲು

ತಕ್ಕಡಿಗೆ ಹಾಕಿದರೆ ನಮ್ಮ ಟೈಪಿಸ್ಟಮ್ಮ ನಲವತ್ತು ಕೆಜಿ ತೂಗಬಹುದು, ಅದರಲ್ಲಿ ಕನ್ನಡಕದ್ದೇ ಅರ್ಧ. ನನ್ನ ಟೈಲ್ಸ್ ಅಂಗಡಿಯ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಇದ್ದಾರೆ. ಅವರ ನಿಜವಾದ ಬೆಲೆ ನನಗೆ ತಿಳಿದದ್ದು ಗೋಡೌನ್ ಮೇಲ್ವಿಚಾರಕ ಕೆಲಸ ಬಿಟ್ಟ ದಿನ.

ಮರುದಿನ ಅವನು ಹೊಸ ಕಂಪನಿಗೆ ಅನುಭವ ಪತ್ರ, ಬಿಡುಗಡೆ ಪತ್ರ ಕೊಡಲೇಬೇಕಿತ್ತು. ಇಲ್ಲದಿದ್ದರೆ ಆ ಕೆಲಸ ಇಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಲು ಕುಳಿತೆ. ಹೊಗಳುವುದರಲ್ಲಿ ಜಿಪುಣತನವೇಕೆ ಎಂದುಕೊಂಡು ಹೇಳಿದೆ: "ಬರೀರಿ ಅಮ್ಮ, ಬೆನ್ನಿನ ಆಪರೇಷನ್ ಆದ್ಮೇಲೂ ನಿಷ್ಠೆಯಿಂದ ದುಡಿದ ಅಂತ."

ಅವರ ಬೆರಳು ನಿಂತಿತು. "ಯಜಮಾನ್ರೇ, ನೀವು ಹೊಗಳ್ತಿದ್ದೀರೋ, ಅವನ ಹೊಟ್ಟೆ ಮೇಲೆ ಹೊಡೀತಿದ್ದೀರೋ? ಆಪರೇಷನ್ ಅಂತ ಓದಿದ್ಮೇಲೆ ಅವರು ಇವನನ್ನ ಒಳಗೆ ಬಿಟ್ಕೋತಾರಾ?"

"ನಿಜ ತಾನೇ ಅಮ್ಮ ನಾನು ಹೇಳಿದ್ದು?"

"ನಿಜಾನೇ. ಆದ್ರೆ ಅದು ಅವನ ಸ್ವಂತ ವಿಷಯ, ಪತ್ರದ್ದಲ್ಲ."

ಸೇರಿದ ದಿನ, ಕೊನೆಯ ದಿನ, ಹುದ್ದೆ, ಮಾಡಿದ ಕೆಲಸ, ರಾಜೀನಾಮೆ ಒಪ್ಪಿಕೊಂಡದ್ದು, ಬೀಗದ ಕೈ ಮತ್ತು ದಾಸ್ತಾನು ವಹಿಸಿಕೊಟ್ಟದ್ದು, ಇಂದು ಸಂಜೆಯಿಂದ ಬಿಡುಗಡೆ ಎಂದಷ್ಟೇ ಬರೆದು, ನಡತೆ ಉತ್ತಮವೆಂದು ಸೇರಿಸಿದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವನ ಒಂಬತ್ತು ವರ್ಷದ ದುಡಿಮೆ ಅರ್ಧ ಹಾಳೆಯಲ್ಲಿ ಪೂರ್ತಿಯಾಗಿತ್ತು, ಅವನಿಗೆ ಕೆಡುಕು ಮಾಡುವ ಒಂದಕ್ಷರವೂ ಇರಲಿಲ್ಲ. ಲೆಕ್ಕವಿಲ್ಲದಷ್ಟು ಕಾಗದಗಳಿಗೆ ಸಹಿ ಗೀಚಿದ ನನ್ನ ಕೈ ಅಂದು ಭಯಭಕ್ತಿಯಿಂದ ನಡೆಯಿತು.

ಅವನು ಹೊಸ ಕೆಲಸಕ್ಕೆ ಸೇರಿದ. ಪ್ರೀತಿಯಿಂದಲೇ ಒಬ್ಬನ ಅನ್ನಕ್ಕೆ ಕಲ್ಲು ಹಾಕಲಿದ್ದ ನನ್ನನ್ನು ತಡೆದದ್ದು ಟೈಪಿಸ್ಟಮ್ಮ; ಆ ಋಣ ನನ್ನ ಮೇಲಿದೆ.