ಚೀಲ ಒತ್ತಿದವರು ಯಾರು?

ಎಮೋಜಿ ಬರೆದುಕೊಡಿ ಎಂದು ನನ್ನನ್ನು ಯಾರಾದರೂ ಕೇಳುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನನಗೆ ಬರುವುದು ರಂಗೋಲಿ. ದೇವರ ಮನೆಯ ಮುಂದೆ ದಿನಾ ಒಂದು ಎಳೆ ಎಳೆಯದಿದ್ದರೆ ನನಗೆ ಕಾಫಿ ಇಳಿಯುವುದಿಲ್ಲ. ನಾನು ಗುಂಪಿಗೆ ಹಾಕಿದ ಅದರ ಫೋಟೋ ನೋಡಿಯೇ ತಿರುವನಂತಪುರದ ಹುಡುಗಿ ಕೇಳಿದ್ದು.

ಮೊದಲು ನಮ್ಮ ಗುಂಪಿನ ವಿಷಯ ಹೇಳಬೇಕು. ನನ್ನ ಯಜಮಾನರಿಗೆ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕೇಂದ್ರ ಸರ್ಕಾರದ ಕೆಲಸ. ಹಾಗಾಗಿ ಮೈಸೂರು ಬಿಟ್ಟು ಕೊಚ್ಚಿಯಲ್ಲಿದ್ದೇವೆ. ನಮ್ಮಂಥ ಕನ್ನಡದ ಕೆಲವು ಮನೆಗಳವರು, ತಿರುವನಂತಪುರದ ಐಟಿ ಪಾರ್ಕಿನ ಕೆಲವು ಮಕ್ಕಳು, ಎಲ್ಲ ಸೇರಿ ಒಂದು ಕೆಲಸ ಹಚ್ಚಿಕೊಂಡಿದ್ದೆವು. ತಿರುವನಂತಪುರದ ಉಳ್ಳೂರಿನ ಕಡೆಯ ಆಸ್ಪತ್ರೆಗಳಿಗೆ ನಮ್ಮ ಊರುಗಳಿಂದ ರೋಗಿಗಳು ಬರುತ್ತಾರೆ. ಅವರಿಗೆ ಮಲಯಾಳ ಬಾರದು, ಇಂಗ್ಲಿಷ್ ಬಾರದು. ಜೊತೆಗೆ ನಿಂತು ಡಾಕ್ಟರ ಮಾತನ್ನು ಕನ್ನಡದಲ್ಲಿ ಹೇಳುವುದು, ರೂಮು ಹುಡುಕಿಕೊಡುವುದು, ಎರ್ನಾಕುಲಂನಲ್ಲಿ ರೈಲು ಬದಲಿಸುವವರಿಗೆ ಬುತ್ತಿ ಕೊಡುವುದು. ಬುತ್ತಿ ನನ್ನ ಪಾಲಿನದು.

ಮೊದಲು ಫೋನಿನ ಗುಂಪೊಂದರಲ್ಲಿ ಎಲ್ಲ ನಡೆಯುತ್ತಿತ್ತು. ಶುಭೋದಯದ ಹೂವುಗಳ ಅಡಿಯಲ್ಲಿ ರೋಗಿಗಳ ಸುದ್ದಿ ಹುಗಿದುಹೋಗುತ್ತಿತ್ತು. ಐಟಿ ಪಾರ್ಕಿನ ಆ ಹುಡುಗಿ ತನ್ನ ಆಫೀಸಿನಲ್ಲಿ ಬಳಸುವಂಥ ಟೀಮ್ ಚಾಟಿಗೆ ನಮ್ಮನ್ನೆಲ್ಲ ಕರೆದುಕೊಂಡು ಹೋದಳು. ಅಲ್ಲಿ ಊರಿಗೊಂದು ಚಾನೆಲ್. ಒಂದು ಸಂದೇಶಕ್ಕೆ ಉತ್ತರ ಬರೆಯಬೇಕಾದರೆ ಅದರ ಕೆಳಗೇ ಎಳೆಯಾಗಿ ಬರೆಯಬೇಕು.

"ಆಂಟಿ, ಹತ್ತು ಜನ ಹತ್ತು ಸಲ 'ಆಯ್ತು' ಅಂತ ಬರೆಯೋ ಬದಲು ಒಂದೊಂದು ಗುರುತು ಒತ್ತಿದ್ರೆ ಸಾಕು. ನೀವು ಬರೆದು ಫೋಟೋ ಕಳಿಸಿ, ನಾನು ಹಾಕ್ತೀನಿ," ಎಂದಳು.

ಬಟ್ಟೆಯ ಕೈಚೀಲ ಬರೆದೆ. 'ಈ ಕೆಲಸ ನಾನು ವಹಿಸಿಕೊಂಡೆ' ಎಂಬುದಕ್ಕೆ ಅದು. ಮಡಚಿದ ಬಾಳೆ ಎಲೆ ಬರೆದೆ, 'ಕೆಲಸ ಮುಗಿಯಿತು' ಎಂಬುದಕ್ಕೆ. ಊಟ ಮುಗಿಸಿ ಎಲೆ ಮಡಚುವುದು ನಮ್ಮವರಿಗೆ ಬಿಡಿಸಿ ಹೇಳಬೇಕೆ? ನನ್ನ ಚೀಲದ ಮೇಲೆ ಕಸೂತಿ ಇತ್ತು, ಹಿಡಿಗೆ ಗೊಂಡೆ ಇತ್ತು. ಅದು ಚಾಟಿನಲ್ಲಿ ಸಾಸಿವೆ ಕಾಳಿನಷ್ಟು ಕುಗ್ಗಿದಾಗ ಮಸಿ ಬಿದ್ದ ಹಾಗೆ ಕಂಡಿತು. ಸಾಲದ್ದಕ್ಕೆ ಯಜಮಾನರ ಫೋನಿನ ಪರದೆ ಕಪ್ಪು. ನನ್ನ ಕಂದು ಚೀಲ ಅದರಲ್ಲಿ ಮಾಯವೇ ಆಯಿತು. ಕಸೂತಿ, ಗೊಂಡೆ ಎಲ್ಲ ತೆಗೆದು, ದಪ್ಪ ಅಂಚಿನ ಹಳದಿ ಚೀಲ ಬರೆದೆ. ಹಿಂದಿನ ಬಿಳಿ ಕಾಗದವನ್ನು ಅವಳು ಕಂಪ್ಯೂಟರಿನಲ್ಲಿ ಅಳಿಸಿ, ಚೌಕಕ್ಕೆ ಕತ್ತರಿಸಿ, ಒಂದು ಹೆಸರು ಕೊಟ್ಟು ಸೇರಿಸಿದಳು. ಹಿಂದೊಂದು ಮುಂದೊಂದು ಜೋಡಿ ಚುಕ್ಕಿಯ ಚಿಹ್ನೆ ಇಟ್ಟು ಆ ಹೆಸರು ಹೊಡೆದರೆ ಚೀಲ ಬರುತ್ತದೆ. ನನಗಾದ ಸಂತೋಷಕ್ಕೆ ಅವತ್ತು ದೇವರಿಗೆ ಪಾಯಸದ ನೈವೇದ್ಯ ಮಾಡಿದೆ.

ಯಾರು ಬೇಕಾದರೂ ಹೊಸ ಗುರುತು ಸೇರಿಸುವ ಹಾಗೆ ಅವಳು ಬಾಗಿಲು ತೆರೆದಿಟ್ಟಿದ್ದಳು. ಮಕ್ಕಳು ನುಗ್ಗಿದರು. ಕುಣಿಯುವ ಪೊರೋಟ ಬಂತು, ನಿದ್ದೆ ಮಾಡುವ ಬೆಕ್ಕು ಬಂತು, ದೋಣಿ ಬಂತು, ನಮ್ಮ ಗುಂಪಿನ ಹಿರಿಯರೊಬ್ಬರು ಸೀನುವ ಮುಖವೂ ಬಂತು. ಆ ಹಿರಿಯರು ಮಂಗಳೂರಿನ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ತಿರುವನಂತಪುರದಲ್ಲೇ ನಿಂತವರು. ಅವರೇ ನನಗೆ ಫೋನು ಮಾಡಿ ಕೇಳಿದರು:

"ಅಲ್ಲ ಮಾರಾಯ್ರೇ, ನನ್ನ ಮೂಗು ಅಲ್ಲಿ ಎಂತಕ್ಕೆ ಉಂಟು?"

"ನನಗೂ ಗೊತ್ತಿಲ್ಲ ಅಂಕಲ್. ನಿನ್ನೆ ಯಾರೋ ರೂಮು ಸಿಗಲಿಲ್ಲ ಅಂತ ಬರೆದ್ರೆ, ಅದರ ಕೆಳಗೆ ನಿಮ್ಮ ಮೂಗೇ ಇತ್ತು."

"ಅದರ ಅರ್ಥ ಎಂತದು? ದುಃಖವಾ, ನಗೆಯಾ?"

ಇಬ್ಬರಿಗೂ ತಿಳಿಯಲಿಲ್ಲ. ಒಂದೊಂದು ಸಂದೇಶದ ಕೆಳಗೂ ಜಾತ್ರೆಯ ಮಿಠಾಯಿ ಅಂಗಡಿ ಹರವಿದ ಹಾಗೆ ಇರುತ್ತಿತ್ತು. ನಾನು ಕನ್ನಡಕ ಏರಿಸಿ ಅದರಲ್ಲಿ ನನ್ನ ಹಳದಿ ಚೀಲ ಹುಡುಕುತ್ತಿದ್ದೆ.

ಆಗಲೇ ಹಾವೇರಿ ಕಡೆಯ ತಾಯಿ ಮಗಳು ಬಂದರು. ತಾಯಿಯ ತಲೆಯಲ್ಲಿ ಗಡ್ಡೆ. ಎರ್ನಾಕುಲಂನಲ್ಲಿ ಅವರಿಗೆ ಚಪಾತಿ, ಮೊಸರನ್ನ ಕೊಟ್ಟು, ನನ್ನ ನಂಬರು ಬರೆದುಕೊಟ್ಟು ತಿರುವನಂತಪುರದ ರೈಲು ಹತ್ತಿಸಿದೆ. ತಾಯಿ ನನ್ನ ಕೈ ಹಿಡಿದು, "ಅಲ್ಲಿ ನಮ್ಮ ಮಾತು ಬಲ್ಲವ್ರು ಇರ್ತಾರೇನ್ರೀ?" ಎಂದು ಕೇಳಿದರು. "ಇರ್ತಾರಮ್ಮ, ಧೈರ್ಯವಾಗಿ ಹೋಗಿ," ಎಂದೆ. ಆಪರೇಷನ್ನಿನ ಹಿಂದಿನ ದಿನ ತಿರುವನಂತಪುರದ ಚಾನೆಲ್ಲಿನಲ್ಲಿ ಹುಡುಗಿ ಬರೆದಳು: ನಾಳೆ ಬೆಳಿಗ್ಗೆ ಡಾಕ್ಟರು ಬಂದು ಆಪರೇಷನ್ ವಿವರಿಸುತ್ತಾರೆ, ಮಗಳು ತಿಳಿದುಕೊಂಡು ಸಹಿ ಮಾಡಬೇಕು, ಕನ್ನಡ ಹೇಳುವವರು ಒಬ್ಬರು ಬೇಕು. ಸಹಿ ಆಗದಿದ್ದರೆ ಆ ದಿನದ ಸರದಿ ಬೇರೆಯವರಿಗೆ ಹೋಗುತ್ತದೆ.

ಸ್ವಲ್ಪ ಹೊತ್ತಿಗೆ ಚೀಲ ಕಂಡಿತು. ಒತ್ತಿದವರು ಬ್ಯಾಂಕಿನ ಅಂಕಲ್ ಎಂದು ಹುಡುಗಿ ತಿಳಿಸಿದಳು. ನನಗೆ ನಿರಾಳವಾಯಿತು. ಅವರ ಮಲಯಾಳ ಮಲಯಾಳಿಗಳದ್ದಕ್ಕಿಂತ ಚೆಂದ. ಸಂಜೆ ನೋಡಿದರೆ ಚೀಲದ ಪಕ್ಕ ಐದು ಎಂದಿತ್ತು. ಇಷ್ಟು ಜನ ಹೋಗುತ್ತಿದ್ದಾರಲ್ಲ, ಆಸ್ಪತ್ರೆಯವರು ಒಳಗೆ ಬಿಡುತ್ತಾರೋ ಇಲ್ಲವೋ ಎಂದು ನಾನು ಯಜಮಾನರ ಹತ್ತಿರ ಹೇಳಿಕೊಂಡೆ.

"ಆಂಬುಲೆನ್ಸಿಗಿಂತ ದೊಡ್ಡ ಬಸ್ಸು ಬೇಕಾದೀತು," ಎಂದು ಅವರು ನಕ್ಕರು.

ಬೆಳಿಗ್ಗೆ ಪೂಜೆ ಮುಗಿಸಿ ಮಂಗಳಾರತಿ ತಟ್ಟೆ ಇನ್ನೂ ಕೆಳಗಿಟ್ಟಿರಲಿಲ್ಲ, ಹಾವೇರಿಯ ಆ ಮಗಳ ಫೋನು.

"ಅಕ್ಕಾರ, ಇಲ್ಲಿ ಯಾರೂ ಬಂದಿಲ್ರಿ. ನರ್ಸಮ್ಮ ಎರಡು ಸಲ ಬಂದು ಏನೋ ಕೇಳಿ ಹೋದ್ಳು. ನನಗ ಒಂದೂ ತಿಳಿವಲ್ದು. ಅವ್ವ ಅಳಾಕತ್ತಾಳ್ರಿ."

"ಬರ್ತಾರಮ್ಮ, ದಾರೀಲಿರಬೇಕು," ಎಂದು ಹೇಳಿ ಚಾಟ್ ತೆರೆದೆ. ಚೀಲ ಇತ್ತು. ನಾಲ್ಕು. ನಿನ್ನೆ ಐದಿತ್ತಲ್ಲ? ನಾನೇ ತಪ್ಪು ನೋಡಿದ್ದೆನೇ? ಸಂದೇಶದ ಕೆಳಗೆ 'ಯಾರು ಹೊರಟಿದ್ದೀರಿ?' ಎಂದು ಬರೆದೆ. ನನ್ನ ಪ್ರಶ್ನೆಗೆ ಒಂದು ಜೋಡಿ ಕಣ್ಣು ಬಂತು. ಆಮೇಲೆ ಇನ್ನೊಂದು. ಕೈಮುಗಿದದ್ದು ಬಂತು. ಪೊರೋಟವೂ ಕುಣಿಯಿತು. ಉತ್ತರ ಮಾತ್ರ ಬರಲಿಲ್ಲ. ದೇವರೇ, ಇವರೆಲ್ಲ ನನ್ನನ್ನು ನೋಡುತ್ತಿದ್ದಾರೆ, ಒಬ್ಬರೂ ಬಾಯಿ ಬಿಡುತ್ತಿಲ್ಲ, ನಾನು ಏನು ಕೇಳಿದೆ ಎಂದು ನನಗೇ ಅನುಮಾನ ಬಂತು.

ಚೀಲದ ಮೇಲೆ ಬೆರಳು ಒತ್ತಿ ಹಿಡಿದರೆ ಒತ್ತಿದವರ ಹೆಸರು ಕಾಣುತ್ತದೆ ಎಂದು ಹುಡುಗಿ ಯಾವಾಗಲೋ ಹೇಳಿಕೊಟ್ಟದ್ದು ನೆನಪಾಯಿತು. ಹಿಡಿದೆ. ನಾಲ್ಕು ಹೆಸರು. ಅಂಕಲ್ ಹೆಸರೇ ಇಲ್ಲ!

ಅವರಿಗೆ ಫೋನು ಮಾಡಿದೆ.

"ನಾನು ಬೆಳಿಗ್ಗೆಯೇ ಚೀಲ ತೆಗೆದೆನಲ್ಲ ಮಾರಾಯ್ರೇ! ನನ್ನ ಹೆಂಡತಿ ಬಾತ್‌ರೂಮಿನಲ್ಲಿ ಜಾರಿ ಬಿದ್ದಳು. ಕಾಲು ಬಾತಿದೆ. ಇನ್ನೊಮ್ಮೆ ಒತ್ತಿದರೆ ಹೋಗ್ತದೆ ಅಂತ ಮಕ್ಕಳು ಹಿಂದೆ ಹೇಳಿಕೊಟ್ಟಿದ್ರು, ಒತ್ತಿದೆ. ಚೀಲ ತೆಗೆದರೆ ನಾನು ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತಾಗುವುದಿಲ್ವಾ?"

"ಚೀಲ ಅಲ್ಲೇ ಇದೆ ಅಂಕಲ್, ಉಳಿದ ನಾಲ್ವರದ್ದು."

"ಹಾಗಾದ್ರೆ ಆ ನಾಲ್ವರು ಹೋಗಿರ್ಬೇಕು."

ನಾಲ್ವರಲ್ಲಿ ಒಬ್ಬಳು ನಮ್ಮ ಹುಡುಗಿಯೇ. ಅವಳಿಗೆ ಮಾಡಿದೆ. ಅವಳು ಆಫೀಸಿನಲ್ಲಿದ್ದಳು.

"ಅಯ್ಯೋ ಆಂಟಿ, ನಾವು ಅಂಕಲ್‌ಗೆ ಸಪೋರ್ಟ್ ಅಂತ ಒತ್ತಿದ್ದು! ಅವರು ಒಪ್ಕೊಂಡ್ರಲ್ಲ, ಖುಷಿಗೆ. ಈಗಲೇ ಹೊರಡ್ತೀನಿ, ಟ್ರಾಫಿಕ್ ಇದೆ, ಸ್ವಲ್ಪ ಹೊತ್ತಾಗುತ್ತೆ."

ಗುರುತು ತೆಗೆದರೆ ಯಾರಿಗೂ ಸೂಚನೆ ಹೋಗುವುದಿಲ್ಲವಂತೆ. ಸದ್ದಿಲ್ಲದೆ ಒಂದು ಅಂಕಿ ಇಳಿಯುತ್ತದೆ, ಅಷ್ಟೇ. ಅದು ನನಗೆ ತಿಳಿದದ್ದು ಆಮೇಲೆ. ಆ ಹೊತ್ತಿಗೆ ಮಗಳಿಂದ ಮತ್ತೆ ಫೋನು ಬಂತು, ಡಾಕ್ಟರು ಎದುರಿಗೇ ನಿಂತಿದ್ದರು.

"ಸ್ಪೀಕರ್ ಹಾಕು ತಾಯಿ," ಎಂದೆ. ನನ್ನ ಮಲಯಾಳ ಮೀನಿನವಳ ಹತ್ತಿರ ಕಲಿತದ್ದೂ ಅಲ್ಲ, ನಾವು ಮೀನು ತಿನ್ನುವವರಲ್ಲ. ತರಕಾರಿಯವನ ಹತ್ತಿರ, ಮಟ್ಟಾಂಚೇರಿಯ ಮೆಣಸಿನ ಅಂಗಡಿಯಲ್ಲಿ ಕಲಿತದ್ದು. "ಡಾಕ್ಟರೇ, ಪತುಕ್ಕೆ ಪರಯಣೇ, ಞಾನ್ ಕನ್ನಡತ್ತಿಲ್ ಪರಯಾಂ," ಎಂದೆ, ಮೆಲ್ಲಗೆ ಹೇಳಿ, ನಾನು ಕನ್ನಡದಲ್ಲಿ ಹೇಳುತ್ತೇನೆ ಎಂದು. ಪುಣ್ಯಾತ್ಮರು ನಗಲಿಲ್ಲ. ಗಡ್ಡೆ ಎಲ್ಲಿದೆ, ಎಷ್ಟು ತೆಗೆಯಬಹುದು ಎಂದು ಬಿಡಿಸಿ ಹೇಳಿದರು. ಒಂದು ಮಾತಿನಲ್ಲಿ ನಾನು ಸಿಕ್ಕಿಕೊಂಡೆ. ಎಡಗಡೆಯ ಕೈಕಾಲಿನ ವಿಷಯ ಏನೋ ಹೇಳಿದರು. ಶಕ್ತಿ ಹೋಗುತ್ತದೆ ಎಂದರೋ, ಹೋಗಬಹುದು ಎಂದರೋ? ಎರಡಕ್ಕೂ ನೆಲ ಮುಗಿಲಿನ ಅಂತರ.

"ನನಗೆ ಇದು ಖಾತ್ರಿಯಾಗಿ ತಿಳೀಲಿಲ್ಲ," ಎಂದು ಇಬ್ಬರಿಗೂ ಹೇಳಿಬಿಟ್ಟೆ. "ಹುಡುಗಿ ಬರ್ತಿದ್ದಾಳೆ. ಅವಳು ಬರೋವರೆಗೂ ಸಹಿ ಹಾಕಬೇಡ ತಾಯಿ. ಡಾಕ್ಟರೇ, ಸರದಿ ತೆಗೀಬೇಡಿ."

ಡಾಕ್ಟರು ಕಾಯಲಿಲ್ಲ, ಕಾಯುವುದಕ್ಕೆ ಅವರಿಗೆ ಬಿಡುವಿರಲಿಲ್ಲ. ಆದರೆ ಸರದಿ ಕಿತ್ತುಹಾಕದೆ, ಅದೇ ದಿನದ ಕೊನೆಗೆ ಸರಿಸಿದರು. ಹುಡುಗಿ ಹೆಲ್ಮೆಟ್ಟನ್ನೂ ತೆಗೆಯದೆ ವಾರ್ಡಿಗೆ ಓಡಿದಳಂತೆ. ಡಾಕ್ಟರನ್ನು ಹುಡುಕಿ ಮತ್ತೆ ಕೇಳಿದಳು. 'ಹೋಗಬಹುದು, ಸಾಮಾನ್ಯವಾಗಿ ಮತ್ತೆ ಬರುತ್ತದೆ' ಎಂಬುದು ಅವರ ಮಾತು. ಮಗಳು ಅದನ್ನು ತಾಯಿಗೆ ಹೇಳಿ, ತಾಯಿ ಹೂಂ ಎಂದ ಮೇಲೆ ಸಹಿ ಮಾಡಿದಳು. ಮಧ್ಯಾಹ್ನದ ಮೇಲೆ ತಾಯಿಯನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡರು. ನನ್ನ ಫೋನಿನಲ್ಲಿ ಚಾರ್ಜ್ ಉಳಿದಿತ್ತು, ಆ ಹೊತ್ತಿಗೆ ಕರೆಂಟು ಹೋಗಲಿಲ್ಲ. ಅದಕ್ಕೂ ದೇವರಿಗೆ ಕೈ ಮುಗಿದೆ.

ಆ ಭಾನುವಾರ ಎಲ್ಲರೂ ವಿಡಿಯೋದಲ್ಲಿ ಕೂತೆವು. ಯಾರದು ತಪ್ಪು ಎಂದು ಹುಡುಕಿದರೆ ಕೈಗೆ ಸಿಗುತ್ತಿರಲಿಲ್ಲ. ಅಂಕಲ್ ತೆಗೆದದ್ದು ಸರಿ, ಮಕ್ಕಳು ಹುರಿದುಂಬಿಸಿದ್ದೂ ಕೆಟ್ಟದ್ದಕ್ಕಲ್ಲ. ಒಂದು ಹುಡುಗ, "ನಾವು ಸೇರಿಸಿದ ಕಸ್ಟಮ್ ಎಮೋಜಿ ಎಲ್ಲಾನೂ ತೆಗೆದುಬಿಡೋಣ," ಎಂದ. ಅಂಕಲ್ ಒಪ್ಪಲಿಲ್ಲ.

"ನನ್ನ ಮೂಗು ತೆಗೀರಿ ಸಾಕು. ಚೀಲ ಇರಲಿ. ಅದು ಒಬ್ಬರು ಹೊರುವ ಚೀಲ. ಹೊತ್ತವನ ಹೆಗಲ ಮೇಲೆ ಇನ್ನು ನಾಲ್ಕು ಜನ ಕೈ ಇಟ್ಟರೆ ಭಾರ ಇಳಿಯುವುದಿಲ್ಲ."

ಕೊನೆಗೆ ಹುಡುಗಿ ನಿಯಮ ಬರೆದು ಚಾನೆಲ್ಲಿನ ನೆತ್ತಿಗೆ ಪಿನ್ ಮಾಡಿದಳು. ಚೀಲ ಒಬ್ಬರೇ ಒತ್ತಬೇಕು, ಒತ್ತಿದವರಿದ್ದರೆ ಮತ್ತೊಬ್ಬರು ಮುಟ್ಟಬಾರದು. ಬರಲಾಗದಿದ್ದರೆ ಚೀಲ ತೆಗೆದು ಸುಮ್ಮನಿರಬಾರದು, ಚಾನೆಲ್ಲಿನಲ್ಲಿ ಹೊಸದಾಗಿ ಬರೆದು ಕೇಳಬೇಕು. ಪ್ರಶ್ನೆಗೆ ಮಾತಿನಲ್ಲೇ ಉತ್ತರ. ತಮಾಷೆಗೆ ಹರಟೆಯ ಚಾನೆಲ್ ಬೇರೆ. ಹೊಸದು ಬೇಕೆಂದರೆ, ಇರುವ ಗುರುತು ಹೇಳದ ಯಾವ ಮಾತನ್ನು ಅದು ಹೇಳುತ್ತದೆ ಎಂದು ತಿಳಿಸಬೇಕು, ಸೇರಿಸುವವಳು ಅವಳೊಬ್ಬಳೇ. ಬೇಡದವನ್ನು ಅಳಿಸಿದಾಗ ಹಳೆಯ ಸಂದೇಶಗಳ ಕೆಳಗೆ ಚಿತ್ರ ಹೋಗಿ ಇಂಗ್ಲಿಷಿನ ಹೆಸರುಗಳಷ್ಟೇ ಉಳಿದವು. ಪೊರೋಟ, ಬೆಕ್ಕು, ಸೀನು ಎಂದು ಓದಿ ಇದೇನು ಹೊಸ ಅಡುಗೆಯೋ ಎಂದು ನಾನು ಇನ್ನೊಂದು ಸಲ ಕಕ್ಕಾಬಿಕ್ಕಿಯಾದೆ.

ಮುಂದಿನ ವಾರ ಮಗಳು ಫೋನು ಮಾಡಿದಳು. "ಅಕ್ಕಾರ, ಅವ್ವ ಎಡಗೈಲೆ ಚಾದ ಕಪ್ ಹಿಡಿದ್ಳ್ರಿ! ಸಕ್ರಿ ಕಡಿಮಿ ಆಗೇತಿ ಅಂತ ಬೈದ್ಳ್ರಿ!" ನಾನು ಕಣ್ಣೊರೆಸಿಕೊಂಡು ಅದನ್ನು ಹಾಗೆಯೇ ಚಾಟಿನಲ್ಲಿ ಬರೆದೆ.

ಯಾರೂ ಏನೂ ಒತ್ತಲಿಲ್ಲ.

ಸಾಂಬಾರಿಗೆ ಒಗ್ಗರಣೆ ಹಾಕಿ ನೋಡಿದೆ, ಇಲ್ಲ. ಬಟ್ಟೆ ಒಣಹಾಕಿ ಬಂದು ನೋಡಿದೆ, ಇಲ್ಲ. ತಪ್ಪು ಚಾನೆಲ್ಲಿನಲ್ಲಿ ಬರೆದೆನೇ? ಇಷ್ಟು ದೊಡ್ಡ ಸುದ್ದಿಗೆ ಒಂದು ಜೋಡಿ ಕಣ್ಣೂ ಇಲ್ಲವೇ? ಫೋನು ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಾಗ ಅದು ಬಡಿದುಕೊಂಡಿತು. ಅಂಕಲ್.

"ಓದಿದೆ. ಎಂತ ಒಳ್ಳೆ ಸುದ್ದಿ ಮಾರಾಯ್ರೇ! ಒತ್ತಬಹುದೋ ಒತ್ತಬಾರದೋ, ಯಾವುದು ಒತ್ತುವುದು ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಫೋನು ಮಾಡಿದೆ. ನಿಲ್ಲಿ, ಇವಳೂ ಮಾತಾಡ್ತಾಳಂತೆ."

ಅವರ ಹೆಂಡತಿ ಕುಂಟುತ್ತಾ ಬರುವುದು ಫೋನಿನಲ್ಲೇ ಕೇಳಿಸಿತು.